ಟ್ರಯಲ್ ಶುರು, ಕ್ಯಾನ್ಸಲ್ಲೂ ಶುರು

ನಮ್ಮ ಮಾವನಿಗೆ ಒಂದು ಸಿದ್ಧಾಂತ ಇದೆ, ಫ್ರೀ ಟ್ರಯಲ್ ತಗೊಂಡ ತಕ್ಷಣ ಕ್ಯಾನ್ಸಲ್ ಮಾಡಿಬಿಡ್ಬೇಕು ಅಂತ. ಏಳನೇ ದಿನ ಯಾರಿಗ್ರೀ ನೆನಪಿರುತ್ತೆ, ಮರೆತ್ರೆ ವರ್ಷದ ದುಡ್ಡು ಒಂದೇ ಸಲ ಹೋಗುತ್ತೆ. ಹಾಗೆ ನೋಡಿದ್ರೆ ಮಾವನ ಮಾತು ತಪ್ಪಲ್ಲ, ಆದ್ರೆ ಅವರು ಈ ಸಿದ್ಧಾಂತನ ಎಲ್ಲಾ ಆ್ಯಪಿಗೂ ಒಂದೇ ಥರ ಹಚ್ತಾರೆ, ಅಲ್ಲೇ ಎಡವಟ್ಟು.

ಅವರ ಆಂಡ್ರಾಯ್ಡ್ ಫೋನಲ್ಲಿ ಇದು ಸಲೀಸಾಗಿ ನಡೀತಾ ಇತ್ತು. ಪ್ಲೇ ಸ್ಟೋರ್ ತೆಗ್ದು, ಮೇಲೆ ಮೂಲೆಲಿರೋ ತಮ್ಮ ಫೋಟೋ ಒತ್ತಿ, Payments & subscriptions ಒಳಗೆ Subscriptions, ಅಲ್ಲಿ ಆ್ಯಪ್ ಹೆಸರು, ಕೆಳಗೆ Cancel subscription. ಯಾಕೆ ಬಿಡ್ತಿದೀರಿ ಅಂತ ಕೇಳುತ್ತೆ, ಮಾವ ಅದಕ್ಕೂ ಗಂಭೀರವಾಗಿ ಯೋಚ್ನೆ ಮಾಡಿ ಕಾರಣ ಆರಿಸ್ತಾರೆ. ಹತ್ತನೇ ತಾರೀಕು ಏಳು ದಿನದ ಟ್ರಯಲ್ ತಗೊಂಡು ಹತ್ತನೇ ತಾರೀಕೇ ಕ್ಯಾನ್ಸಲ್ ಮಾಡಿದ್ರೂ ಹದಿನೇಳರ ತನಕ ಆ್ಯಪ್ ಓಡ್ತಾ ಇರುತ್ತೆ. ಯಾಕಂದ್ರೆ ಟ್ರಯಲ್ ಶುರುವಾದಾಗ್ಲೇ ಅದು ಮುಗಿಯೋ ಹೊತ್ತು ಗೂಗಲ್ ಲೆಕ್ಕದಲ್ಲಿ ಬರ್ದಿರುತ್ತೆ, ಕ್ಯಾನ್ಸಲ್ ಅಂದ್ರೆ ಅಲ್ಲಿ ಮುಂದಿನ ಸಲ ದುಡ್ಡು ಕಟ್ ಮಾಡ್ಬೇಡ ಅಂತ ಹೇಳಿದ ಹಾಗಷ್ಟೇ.

(ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಕ್ಯಾನ್ಸಲ್ ಆಯ್ತು ಅಂತ ನಂಬಿರೋ ಜನ ನಮ್ಮ ಮನೇಲೇ ಇದಾರೆ. ಆಗಲ್ಲ. ಐಕಾನ್ ಹೋಗುತ್ತೆ, ಬಿಲ್ ಬರುತ್ತೆ.)

ಎಡವಟ್ಟಾಗಿದ್ದು ಅತ್ತೆ ವಿಷಯದಲ್ಲಿ. ಅವರು ಒಂದು ಕಂಪನಿಯ ವೆಬ್‌ಸೈಟಲ್ಲೇ ನೇರವಾಗಿ ಕಾರ್ಡ್ ಹಾಕಿ ಸಿನಿಮಾ ನೋಡೋ ಟ್ರಯಲ್ ತಗೊಂಡಿದ್ರು. ಸಿನಿಮಾ ಅರ್ಧ ಆಗಿತ್ತು, ನಾಯಕಿ ರೈಲ್ವೆ ಸ್ಟೇಷನಲ್ಲಿ ಅಳ್ತಾ ನಿಂತಿದ್ಲು, ಮಾವ ಪಕ್ಕದಲ್ಲಿ ಕೂತ್ಕೊಂಡು ತಮ್ಮ ಫೋನಲ್ಲಿ ಅದೇ ಅಕೌಂಟಿಗೆ ಲಾಗಿನ್ ಆಗಿ ಶ್ರದ್ಧೆಯಿಂದ ಕ್ಯಾನ್ಸಲ್ ಒತ್ತಿದ್ರು. ಸ್ವಲ್ಪ ಹೊತ್ತಿಗೆ ಟಿವಿಲಿ ನಾಯಕಿ ಹೋಗಿ ಪ್ಲಾನುಗಳ ರೇಟ್ ಪಟ್ಟಿ ಬಂತು. "ಏನ್ರೀ ಮಾಡಿದ್ರಿ?" ಅಂದ್ರು ಅತ್ತೆ. "ದುಡ್ಡು ಉಳಿಸ್ದೆ ಕಣೇ" ಅಂದ್ರು ಮಾವ. ಆ ರಾತ್ರಿ ಊಟಕ್ಕೆ ಮಧ್ಯಾಹ್ನದ ಸಾರೇ.

ಟ್ರಯಲ್‌ಗೆ ನಾವು ದುಡ್ಡು ಕೊಟ್ಟಿಲ್ವಲ್ಲ, ಕೊಟ್ಟಿರೋ ತಿಂಗಳಾದ್ರೆ ಅದು ಮುಗಿಯೋವರೆಗೂ ನಡೆಸ್ಬೇಕಾಗುತ್ತೆ, ಫ್ರೀ ದಿನಗಳಿಗೆ ಆ ಹಂಗಿಲ್ಲ, ಹಾಗಾಗಿ ಕೆಲವ್ರು ಕ್ಯಾನ್ಸಲ್ ಅಂದ ತಕ್ಷಣ ಬಾಗ್ಲು ಹಾಕ್ತಾರೆ. ಆಪಲ್ ಕೂಡ ತನ್ನದೇ ಮ್ಯೂಸಿಕ್ ಥರದ ಸೇವೆಗಳ ಟ್ರಯಲ್ ಮಧ್ಯದಲ್ಲಿ ಬಿಟ್ರೆ ಆಗ್ಲೇ ನಿಲ್ಲಬಹುದು ಅಂತ ಮೊದ್ಲೇ ಹೇಳಿರುತ್ತೆ. ಗುರುತು ಹಿಡಿಯೋದು ಕಷ್ಟ ಇಲ್ಲ: ಕೊನೇ ಸಲ ಒತ್ತೋಕೆ ಮುಂಚೆ ಬರೋ ಸಾಲು ಓದ್ಬೇಕು. ಇಂಥ ತಾರೀಕಿನವರೆಗೂ ಬಳಸ್ಬಹುದು ಅಂತ ಇದ್ರೆ ಧೈರ್ಯವಾಗಿ ಒತ್ತಿ. ತಕ್ಷಣ ಕೊನೆಯಾಗುತ್ತೆ ಅಂತಿದ್ರೆ, ಅಥವಾ ತಾರೀಕೇ ಇಲ್ಲದೆ ಇದ್ರೆ, ಹಿಂದೆ ಬಂದು ಕ್ಯಾಲೆಂಡರಲ್ಲಿ ಅಲಾರಂ ಇಟ್ಕೊಳ್ಳಿ. ಅತ್ತೆಯ ಸೈಟಲ್ಲೂ ಆ ಸಾಲು ಇತ್ತಂತೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನ ಥರ, ಮಾವನ ಕನ್ನಡಕ ಆಗ ಅಡುಗೆಮನೇಲಿತ್ತು.

ಅಲಾರಂ ಯಾವತ್ತಿಗೆ ಇಡ್ಬೇಕು ಅನ್ನೋದರಲ್ಲೂ ಒಂದು ತಮಾಷೆ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ತಾನಾಗಿ ದುಡ್ಡು ಕಟ್ ಆಗೋಕೆ ಕನಿಷ್ಠ 24 ಗಂಟೆ ಮುಂಚೆ ನಮಗೆ ತಿಳಿಸ್ಬೇಕು, ಕಾರ್ಡಿಗೂ ಯುಪಿಐ ಆಟೋಪೇಗೂ ಅದೇ. ಹಾಗಾದ್ರೆ ಆ ಮೆಸೇಜ್ ಬಂದಾಗ ಕ್ಯಾನ್ಸಲ್ ಮಾಡಿದ್ರಾಯ್ತು ಅನ್ಸುತ್ತೆ ಅಲ್ವಾ, ಆದ್ರೆ ಆಪಲ್‌ನವ್ರು ಟ್ರಯಲ್ ಮುಗಿಯೋಕೆ ಕನಿಷ್ಠ 24 ಗಂಟೆ ಮುಂಚೆ ಕ್ಯಾನ್ಸಲ್ ಮಾಡಿ ಅಂತಾರೆ. ಅಂದ್ರೆ ಬ್ಯಾಂಕ್ ಮೆಸೇಜ್ ಬರೋ ಹೊತ್ತಿಗೆ ಅವರ ಗಡುವು ಆಗಲೇ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಾ ಇರ್ಬಹುದು. ಅದಕ್ಕೆ ಹದಿನೇಳಕ್ಕೆ ಮುಗಿಯೋದಾದ್ರೆ ಹದಿನೈದಕ್ಕೇ ಅಲಾರಂ ಇಡೋದು ಕ್ಷೇಮ.

ತೀರಾ ತಡ ಆದ್ರೆ ಯುಪಿಐ ಆ್ಯಪಲ್ಲೇ ಆಟೋಪೇ ಪಟ್ಟಿಗೆ ಹೋಗಿ, ಪಿನ್ ಹಾಕಿ ಆ ಮ್ಯಾಂಡೇಟ್ ರದ್ದು ಮಾಡ್ಬಹುದು. ದುಡ್ಡು ನಿಲ್ಲುತ್ತೆ, ಆದ್ರೆ ಕಂಪನಿ ಪುಸ್ತಕದಲ್ಲಿ ನೀವಿನ್ನೂ ಗಿರಾಕಿನೇ, ಅದಕ್ಕೆ ಅಲ್ಲಿ ಕ್ಯಾನ್ಸಲ್ ಬೇರೆಯಾಗೇ ಮಾಡ್ಬೇಕು. ಇದನ್ನ ಮಾವನಿಗೆ ಹೇಳಿ ತಪ್ಪು ಮಾಡ್ದೆ ಅನ್ಸುತ್ತೆ, ಈಗ ಅವರು ಆ ಪಟ್ಟಿಲಿ ಇರೋದನ್ನೆಲ್ಲಾ ಅನುಮಾನದಿಂದ ನೋಡ್ತಾರೆ, ಮೊನ್ನೆ ಫೋನ್ ಮಾಡಿ "ಲೋ, ಈ ಇನ್ಶೂರೆನ್ಸ್ ಅನ್ನೋದು ಯಾವ ಟ್ರಯಲ್ಲೋ, ತೆಗ್ದುಬಿಡ್ಲಾ?" ಅಂತ ಕೇಳಿದ್ರು.