ಕುದುರೆ ಗಾತ್ರದ ಚಿರತೆ

ಮೊನ್ನೆ ರಾತ್ರಿ ನಮ್ಮ ಬಡಾವಣೆಗೆ ಚಿರತೆ ಬಂತು. ಕಾಲಿಟ್ಟಿದ್ದು ವಾಟ್ಸಾಪ್‌ಗೆ ಮಾತ್ರ. ಆ ಫೋಟೋ ನೀವೂ ನೋಡೇ ಇರುತ್ತೀರಿ, ನಿಮ್ಮ ಗ್ರೂಪಿಗೆ ನಿಮ್ಮ ಬಡಾವಣೆಯ ಹೆಸರಲ್ಲಿ ಬಂದಿರುತ್ತದೆ, ಅಷ್ಟೇ ವ್ಯತ್ಯಾಸ. ಈ ಕಡೆ ಒಂದು ಆಲ್ಟೋ ಕಾರು, ಆ ಕಡೆ ಸ್ವಲ್ಪ ದೂರದಲ್ಲಿ ಒಂದು ಮನೆ ಬಾಗಿಲು, ಬಾಗಿಲ ಮುಂದಿನ ರಸ್ತೆಯಲ್ಲಿ ಚಿರತೆ.

ಕಲಾವಿದರಿಗೆ ಮೊದಲು ನಮಸ್ಕಾರ. ಚುಕ್ಕೆ ಚೆನ್ನಾಗಿದೆ, ಕಣ್ಣು ಹೊಳೆಯುತ್ತಿದೆ, ನೆರಳೂ ಇದೆ. ಗಾತ್ರ ಒಂದೇ ಸ್ವಲ್ಪ ಜಾಸ್ತಿಯಾಯ್ತು, ಅಲ್ವಾ?

ನಿದ್ದೆ ಹೇಗೂ ಹೋಗಿತ್ತು, ಲ್ಯಾಪ್‌ಟಾಪ್ ಪರದೆಗೆ ಸ್ಕೇಲ್ ಹಿಡಿದೆ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಚರಂಡಿಯ ಅಂಚು, ಕಾಂಪೌಂಡ್ ಗೋಡೆಯ ಮೇಲಂಚು, ಎರಡನ್ನೂ ಉದ್ದಕ್ಕೆ ಎಳೆದರೆ ದೂರದಲ್ಲಿ ಒಂದು ಕಡೆ ಸೇರುತ್ತವೆ. ಅಲ್ಲಿಂದ ಅಡ್ಡಲಾಗಿ ಒಂದು ಗೆರೆ ಹಾಕಿ. ಅದು ಕ್ಯಾಮೆರಾದ ಎತ್ತರದ ಗೆರೆ. ಸಮತಟ್ಟಾದ ರಸ್ತೆಯಲ್ಲಿ ನಿಂತ ಯಾರನ್ನೇ ಆಗಲಿ, ಹತ್ತಿರವಿರಲಿ ದೂರವಿರಲಿ, ಆ ಗೆರೆ ಒಂದೇ ಎತ್ತರದಲ್ಲಿ ದಾಟುತ್ತದೆ. ನಮ್ಮ ಫೋಟೋದಲ್ಲಿ ಅದು ಆಲ್ಟೋದ ಚಾವಣಿಗೆ ಕೂದಲೆಳೆ ಮೇಲೆ ಹಾದುಹೋಯಿತು. ಹಳೇ ಆಲ್ಟೋ 4 ಅಡಿ 10 ಇಂಚು. ಅಂದರೆ ಫೋನ್ ಹಿಡಿದಿದ್ದು ಸುಮಾರು 5 ಅಡಿಯಲ್ಲಿ, ನಿಂತು ಫೋಟೋ ತೆಗೆಯುವವರು ಹಿಡಿಯುವ ಎತ್ತರವೇ.

ಈಗ ಚಿರತೆ. ಅದರ ಪಾದದಿಂದ ಗೆರೆಗೆ ಪರದೆಯ ಮೇಲೆ 4 ಸೆಂ.ಮೀ. ಅಂದರೆ ಆ ಜಾಗದಲ್ಲಿ ಪರದೆಯ 4 ಸೆಂ.ಮೀ. ನಿಜದಲ್ಲಿ 5 ಅಡಿ. ನಿಜವಾದ ಚಿರತೆ ಭುಜದ ಹತ್ತಿರ ಎರಡು, ಎರಡೂಕಾಲು ಅಡಿ ಎತ್ತರ, ಹೆಚ್ಚೆಂದರೆ 1.8 ಸೆಂ.ಮೀ. ಇರಬೇಕಿತ್ತು. ಈ ಮಹಾನುಭಾವನ ಬೆನ್ನು ಗೆರೆಯನ್ನೇ ಮುಟ್ಟುತ್ತಿದೆ! 5 ಅಡಿ. ಜೀನು ಹಾಕಿ ಹತ್ತಿದರೆ ಮೆಜೆಸ್ಟಿಕ್‌ಗೆ ಹೋಗಬಹುದು.

ಎಡವಿದ್ದು ಎಲ್ಲಿ ಅಂತ ಬಾಗಿಲು ನೋಡಿದ ಮೇಲೆ ಗೊತ್ತಾಯಿತು. ಬಾಗಿಲು 7 ಅಡಿ, ಚಿರತೆ ಅದರ ಅರ್ಧಕ್ಕೆ ಬಂದರೆ ಸಾಕು ಅಂದುಕೊಂಡಿದ್ದಾರೆ ಪುಣ್ಯಾತ್ಮರು. ಅದೇ ಜಾಸ್ತಿ. ಸಾಲದ್ದಕ್ಕೆ, ಬಾಗಿಲು ರಸ್ತೆ ಮಟ್ಟದಲ್ಲಿಲ್ಲ, ಮೂರು ಮೆಟ್ಟಿಲು ಹತ್ತಿ ಕೂತಿದೆ. ಚಿರತೆಯ ಕಾಲು ರಸ್ತೆಯಲ್ಲಿ, ಬೆನ್ನು ಬಾಗಿಲ ಹಿಡಿಕೆಯ ಹತ್ತಿರ. ಮೂರೂವರೆ ಅಡಿಗೆ ಮೆಟ್ಟಿಲಿನ ಒಂದೂವರೆ ಅಡಿ ಪುಕ್ಕಟೆಯಾಗಿ ಸೇರಿಕೊಂಡಿತು. ಸರಿಯಾದ ಚಿರತೆಯಾಗಿದ್ದರೆ ಬೆನ್ನು ಹೊಸ್ತಿಲಿಗಿಂತ ಒಂದು ಗೇಣು ಮೇಲೆ ಬರುತ್ತಿತ್ತು, ಅಷ್ಟೇ. ಮಳೆನೀರು ಒಳಗೆ ಬರಬಾರದು ಅಂತ ನಾವು ಕಟ್ಟುವ ಮೆಟ್ಟಿಲಿಗೆ ಇಂಥ ಉಪಯೋಗವೂ ಇದೆ ನೋಡಿ. (ಇದೇ ಚಿರತೆ ಗೋಡೆ ಮೇಲೋ ಇಳಿಜಾರಿನ ರಸ್ತೆಯಲ್ಲೋ ನಿಂತಿದ್ದರೆ ನನ್ನ ಗೆರೆಯ ಲೆಕ್ಕ ನಡೆಯುತ್ತಿರಲಿಲ್ಲ. ಫೋಟೋದ ತೀರಾ ಅಂಚಿನಲ್ಲಿದ್ದರೂ ಕಷ್ಟ, ಮೊಬೈಲಿನ ಅಗಲ ಲೆನ್ಸ್ ಅಲ್ಲಿ ಎಲ್ಲವನ್ನೂ ಎಳೆದುಬಿಡುತ್ತದೆ.)

ಆದರೆ ನಮ್ಮ ಜನರನ್ನು ಬೈದು ಏನು ಪ್ರಯೋಜನ? ನಾವು ಫ್ಲೆಕ್ಸ್ ನೋಡಿ ಬೆಳೆದವರು. ನಮ್ಮ ಸರ್ಕಲ್‌ನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಇದೆ, ಅದರಲ್ಲಿ ನಾಯಕರು ಎರಡಂತಸ್ತು, ಬ್ಲಾಕ್ ಅಧ್ಯಕ್ಷರು ಬಾಗಿಲಷ್ಟು, ದುಡ್ಡು ಕೊಟ್ಟ ಹುಡುಗರು ಕೆಳಗೆ ಸಾಲಾಗಿ ಅಂಚೆಚೀಟಿಯಷ್ಟು. ಹಳೇ ವೀರಗಲ್ಲಿನಲ್ಲೂ ಹಾಗೇ, ವೀರ ದೊಡ್ಡವನು, ಅವನ ಕಾಲಬುಡದಲ್ಲಿ ಶತ್ರುಗಳು ಪುಟಾಣಿಗಳು. ದೊಡ್ಡವರು ದೊಡ್ಡದಾಗಿ ಕಾಣಬೇಕು ಅಂತ ಕಲ್ಲಿನ ಕಾಲದಿಂದ ನಂಬಿದವರಿಗೆ ಭಯ ಹುಟ್ಟಿಸುವ ಚಿರತೆ ಎರಡಡಿ ಅಂದರೆ ಒಪ್ಪಿಗೆಯಾಗುತ್ತಾ?

ಲೆಕ್ಕ ಗ್ರೂಪಿಗೆ ಹಾಕಿದೆ. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಇನ್ನೊಬ್ಬರು, "ಸರ್, ನಿಮ್ಮ ಮಕ್ಕಳನ್ನ ಹೊರಗೆ ಕಳಿಸ್ತೀರಾ?" ಅಂದರು.

ಮಕ್ಕಳು ಬಿಡಿ. ಎಲ್ಲರೂ ಚಿಲಕ ಹಾಕಿಕೊಂಡು ಒಳಗಿದ್ದಾಗ ಗೇಟಿನಲ್ಲಿ ಯಾರಿದ್ದರು? ಸೆಕ್ಯುರಿಟಿ ತಾತ. ಕೈಯಲ್ಲಿ ಒಂದು ಬೆತ್ತ, ಒಂದು ಸೀಟಿ. "ತಾತ, ಸುತ್ತ ಒಂದು ರೌಂಡ್ ಹಾಕಿ ಬನ್ನಿ, ಎಲ್ಲಾದ್ರೂ ಇದೆಯಾ ನೋಡಿ" ಅಂತ ಕಿಟಕಿಯಿಂದ ಹೇಳಿದವರೂ ಇದ್ದಾರೆ. ನಿಮಗೆ ಆ ಚಿರತೆ ನಿಜ ಅನ್ನಿಸಿತ್ತು ತಾನೇ? ನಿಜ ಅಂದುಕೊಂಡೇ ಆ ಮುದುಕರನ್ನ ಕತ್ತಲಿಗೆ ಕಳಿಸಿದಿರಿ. ಇದಕ್ಕೆ ಜೋಕ್ ಮಾಡಲು ನನಗೆ ಬರುವುದಿಲ್ಲ. ಅವರು ಹೋಗಿ ಬಂದರು, ಏನೂ ಇಲ್ಲ ಸಾರ್ ಅಂದರು, ಬೆಳಗಿನವರೆಗೆ ಕೂರಲಿಲ್ಲ.

ಮರುದಿನ ಸಂಜೆ ಹೊಸ ಫೋಟೋ ಬಂತು. ಅದೇ ಆಲ್ಟೋ, ಅದೇ ಬಾಗಿಲು, ಅದೇ ಚಿರತೆ. ಸ್ಕೇಲ್ ಹಿಡಿದೆ. ಸರಿಯಾಗಿ 1.8 ಸೆಂ.ಮೀ. ಬೆನ್ನು ಹೊಸ್ತಿಲಿಗಿಂತ ಒಂದು ಗೇಣು ಮೇಲೆ. ಕೆಳಗೆ ಬರೆದಿತ್ತು: "ಚಿರತೆ ಮರಿಯೂ ಇದೆಯಂತೆ, ಎಚ್ಚರ."

ಕಿಟಕಿಯಿಂದ ನೋಡಿದೆ. ತಾತ ಬೆತ್ತ ಹಿಡಿದು ಹೊರಟಿದ್ದರು.