ಹೊಸ ಕಾರ್ಟ್ರಿಡ್ಜ್ ಹಾಕಿದ್ದೇನೆ ಮಾರಾಯ, ಕಣ್ಣು ಬಿಟ್ಟು ನೋಡು!

ಪ್ಯಾಕೆಟ್ ಹರಿದು ಎರಡು ನಿಮಿಷ ಆಗಿರಲಿಲ್ಲ. ಗಾಳಿ ತೂತಿನ ಮೇಲಿದ್ದ ಹಳದಿ ಟೇಪ್ ಕಿತ್ತೆ. ಕಪ್ಪು ಕಾರ್ಟ್ರಿಡ್ಜನ್ನು ಅದರ ಜಾಗದಲ್ಲಿ ಕೂರಿಸಿದೆ. ಟಕ್ ಅಂತ ಸದ್ದೂ ಬಂತು. ಮುಚ್ಚಳ ಹಾಕಿದ ಮೇಲೆ ಪ್ರಿಂಟರ್ ಒಂದಷ್ಟು ಹೊತ್ತು ಗುರ್ ಗುರ್ ಅಂದಿತು. ಆಮೇಲೆ ಹೇಳಿತು: ಕಾರ್ಟ್ರಿಡ್ಜ್ ಗುರುತು ಸಿಗುತ್ತಿಲ್ಲ.

ಸಿಗುತ್ತಿಲ್ಲ ಅಂದ್ರೆ? ಈಗ ತಾನೇ ನಿನ್ನ ಹೊಟ್ಟೆಯೊಳಗೆ ಇಟ್ಟಿದ್ದೇನಲ್ಲ!

ನನಗೆ ಬೇಕಿದ್ದುದು ಎರಡೇ ಎರಡು ಹಾಳೆ, ಅದೂ ಬೆಳಗ್ಗೆ ಕೊಡಲೇಬೇಕಾದ ಅರ್ಜಿ. ಆಗ ರಾತ್ರಿ ಹನ್ನೊಂದು ಗಂಟೆ.

ಸರಿ, ಎಲ್ಲರೂ ಹೇಳುವ ಉಪಚಾರ ಮಾಡಿದೆ. ಕಾರ್ಟ್ರಿಡ್ಜ್ ಮೈಮೇಲೆ ಉಗುರಿನಷ್ಟು ದೊಡ್ಡ ಚಿಪ್ ಇರುತ್ತದೆ, ಅದರಲ್ಲಿ ಬಂಗಾರದ ಬಣ್ಣದ ಸಣ್ಣ ಪಟ್ಟಿಗಳು. ಪ್ರಿಂಟರ್ ಒಳಗಿನ ತೆಳ್ಳಗಿನ ಪಿನ್‌ಗಳು ಆ ಪಟ್ಟಿಗಳಿಗೆ ತಾಗಿದರೆ ಮಾತ್ರ ಚಿಪ್ ಓದಲು ಆಗುವುದು. ಬೆರಳಿನ ಜಿಡ್ಡೋ ಒಣಗಿದ ಇಂಕೋ ನಡುವೆ ಕೂತರೆ ಮುಗೀತು. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ನೂಲು ಬಿಡದ ಬಟ್ಟೆಯಿಂದ ಚಿಪ್ ಮೆಲ್ಲಗೆ ಒರೆಸಿದೆ. ಪಿನ್‌ಗಳನ್ನೂ ಒರೆಸಿದೆ, ಬಾಗದ ಹಾಗೆ ಉಸಿರು ಬಿಗಿ ಹಿಡಿದು. ಮತ್ತೆ ಹಾಕಿದೆ. ಅದೇ ರಾಗ.

ಸಿಟ್ಟಲ್ಲಿ ಕಸದ ಬುಟ್ಟಿಯಿಂದ ಹಳೇ ಕಾರ್ಟ್ರಿಡ್ಜ್ ತೆಗೆದು ಹಾಕಿದೆ. ಆಗ ಬಂದ ಸಂದೇಶವೇ ಬೇರೆ: ಕಾರ್ಟ್ರಿಡ್ಜ್ ಖಾಲಿ.

ಇಲ್ಲೇ ನನಗೆ ತಲೆಗೆ ಹೊಳೆದಿದ್ದು. ‘ಖಾಲಿ’ ಬೇರೆ, ‘ಗುರುತು ಸಿಗುತ್ತಿಲ್ಲ’ ಬೇರೆ. ಖಾಲಿ ಅನ್ನಬೇಕಾದರೆ ಪ್ರಿಂಟರ್ ಆ ಚಿಪ್ ಓದಿರಲೇಬೇಕು. ಅಂದ ಮೇಲೆ ಪಿನ್‌ಗಳು ಚೆನ್ನಾಗಿಯೇ ಇವೆ. ಅರ್ಧ ಗಂಟೆ ಸುಮ್ನೆ ಒರೆಸುತ್ತಾ ಕೂತಿದ್ದೆ! ತಪ್ಪು ಹೊಸ ಕಾರ್ಟ್ರಿಡ್ಜಿನ ಚಿಪ್‌ನಲ್ಲಿರಬೇಕು, ಇಲ್ಲವೇ ಆ ಚಿಪ್ ಬೇಡ ಅನ್ನುತ್ತಿರುವ ಪ್ರಿಂಟರಿನಲ್ಲಿ.

ಹಾಗೆ ನೋಡಿದರೆ ಆ ‘ಖಾಲಿ’ ಕೂಡ ಪೂರ್ತಿ ನಿಜವಲ್ಲ. ಹಳೇ ಕಾರ್ಟ್ರಿಡ್ಜಿನ ಇಂಕ್ ಬರುವ ತೂತಿಗೆ ಟಿಶ್ಯೂ ಒತ್ತಿದೆ, ದೊಡ್ಡದೊಂದು ಕಪ್ಪು ಕಲೆ ಬಿತ್ತು. ನನ್ನದರಂಥ ಎಷ್ಟೋ ಪ್ರಿಂಟರ್‌ಗಳು ಒಳಗೆ ಇಂಕ್ ಎಷ್ಟಿದೆ ಅಂತ ಇಣುಕಿ ನೋಡುವುದೇ ಇಲ್ಲ. ಇಷ್ಟು ಹನಿ ಸಿಡಿಸಿದೆ, ಇನ್ನಿಷ್ಟು ಉಳಿದಿರಬೇಕು ಅಂತ ಲೆಕ್ಕ ಹಾಕಿ ಚಿಪ್‌ನಲ್ಲಿ ಬರೆದಿಡುತ್ತವೆ. ಇಂಕ್ ಸಿಡಿಸುವ ಹೆಡ್ ಒಣಗಿ ಹಾಳಾಗಬಾರದು ಅಂತ ಸ್ವಲ್ಪ ಇಂಕ್ ಉಳಿಸಿಯೇ ನಿಲ್ಲಿಸುತ್ತವೆ, ಅದನ್ನು ಒಪ್ಪೋಣ. ಆದರೆ ಲೆಕ್ಕ ಸೊನ್ನೆಗೆ ಬಂದ ಚಿಪ್ ಇಟ್ಟುಕೊಂಡು ಅದೇ ಡಬ್ಬಿಗೆ ಕಂಠಮಟ್ಟ ಇಂಕ್ ತುಂಬಿಸಿ ತಂದರೂ ಅದು ಖಾಲಿಯೇ. ರೀಫಿಲ್ ಮಾಡಿಸಿದವರು ಚಿಪ್ ರೀಸೆಟ್ ಆಗಿದೆಯಾ ಅಂತ ಕೇಳಬೇಕಾದ್ದು ಅದಕ್ಕೇ.

ನನ್ನ ಹೊಸದು ರೀಫಿಲ್ ಅಲ್ಲ, ಬೇರೆಯವರು ತಯಾರಿಸಿದ ಕಂಪ್ಯಾಟಿಬಲ್. ಇದೇ ಅಂಗಡಿಯಿಂದ ಇದೇ ಥರದ್ದನ್ನು ಮೊದಲು ಎರಡು ಸಲ ಹಾಕಿದ್ದೆ, ಗೊಣಗದೆ ಕೆಲಸ ಮಾಡಿತ್ತು. ಈಗೇನು ಬಂತು? ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ. ಪ್ರಿಂಟರನ್ನು ಒಳಗಿಂದ ನಡೆಸುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ತಾನಾಗೇ ಅಪ್‌ಡೇಟ್ ಆಗುವಂತೆ ಇಟ್ಟಿದೆ. ಹೋದ ವಾರವಷ್ಟೇ ಹೊಸದು ಬಂದು ಕೂತಿದೆ. ಅಂಥ ಅಪ್‌ಡೇಟ್ ಆದ ಮೇಲೆ, ನಿನ್ನೆವರೆಗೆ ನಡೆಯುತ್ತಿದ್ದ ಪರರ ಚಿಪ್‌ಗಳನ್ನು ಪ್ರಿಂಟರ್ ಬಾಗಿಲಲ್ಲೇ ತಡೆಯಬಹುದು. ನಾನು ಕಾಸು ಕೊಟ್ಟು ಕೊಂಡ ಯಂತ್ರ, ನನ್ನದೇ ವೈಫೈ, ನಾನು ಮಲಗಿದ್ದಾಗ ಯಾರೋ ಮನೆಯೊಳಗೆ ಬಂದು ಬೀಗ ಬದಲಾಯಿಸಿ ಹೋದ ಹಾಗಾಯ್ತು ಅಲ್ವಾ? ಹಳೇ ಫರ್ಮ್‌ವೇರಿಗೆ ವಾಪಸ್ ಹೋಗೋಣ ಅಂದರೆ ನನ್ನ ಪ್ರಿಂಟರ್ ಅದಕ್ಕೂ ಬಿಡಲಿಲ್ಲ.

ಇನ್ನೂ ಉರಿಯುವ ವಿಷಯ ಕೇಳಿ. ಅರ್ಜಿಯ ಜೊತೆ ಕಳಿಸಬೇಕಿದ್ದ ಒಂದು ಕಾಗದವನ್ನು ಸ್ಕ್ಯಾನ್ ಆದರೂ ಮಾಡೋಣ ಅಂತ ಹೋದರೆ, ಮೊದಲು ಕಾರ್ಟ್ರಿಡ್ಜ್ ಸರಿಪಡಿಸಿ ಅಂತು. ಸ್ಕ್ಯಾನ್ ಮಾಡೋಕೆ ಇಂಕ್ ಯಾಕಪ್ಪಾ ಬೇಕು? ದೀಪ ಹಚ್ಚೋಕಾ?

ಅರ್ಜಿಯನ್ನು ಬೆಳಗ್ಗೆ ಬೇರೆಯವರ ಕೈಕಾಲು ಹಿಡಿದು ಪ್ರಿಂಟ್ ಮಾಡಿಸಿದೆ. ಅಂಗಡಿಯವರು ಪಾಪ, ಮಾತಾಡದೆ ಬದಲಿಸಿಕೊಟ್ಟರು. "ಇದರಲ್ಲಿ ಹೊಸ ಚಿಪ್ ಇದೆ ಸರ್, ನಡೆಯುತ್ತೆ" ಅಂದರು. ಮೇಲಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಹಾಕಿದೆ, ತಕ್ಷಣ ಗುರುತು ಹಿಡಿಯಿತು, ಹಳೇ ಗೆಳೆಯನ ಹಾಗೆ. ಜೊತೆಗೆ ಹೆಡ್ ತೊಳೆಯುತ್ತೇನೆ ಅಂತ ಬೇರೆ ಬಣ್ಣಗಳ ಇಂಕನ್ನೂ ಒಂದಿಷ್ಟು ಕುಡಿಯಿತು.

ಅಪ್‌ಡೇಟ್ ಆಫ್ ಮಾಡಿದ್ದೇನೆ. ಅದರಿಂದ ಭದ್ರತೆಯ ರಿಪೇರಿಗಳೂ ತಪ್ಪುತ್ತವೆ, ಗೊತ್ತು. ಅದಕ್ಕೇ ಈಗ ವೈಫೈ ಕಿತ್ತುಹಾಕಿ ಕೇಬಲ್‌ನಲ್ಲೇ ನಡೆಸುತ್ತಿದ್ದೇನೆ. ಆದರೂ ಪ್ರತಿ ಸಲ ಆನ್ ಮಾಡಿದಾಗ ಕೇಳುತ್ತದೆ: ಅಪ್‌ಡೇಟ್ ಶುರು ಮಾಡಲೇ? ಬೇಡ ಅಂತ ಒತ್ತುತ್ತೇನೆ. ಆಮೇಲೆ ನೆನಪಿಸುತ್ತೇನೆ ಅನ್ನುತ್ತದೆ.