ಕಾಲು ಉದ್ದವಾದ ಕಥೆ

ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ನನ್ನ ಮಗನನ್ನು ನೋಡಿ, "ನಮ್ಮ ವಂಶದಲ್ಲಿ ಯಾರೂ ಇಷ್ಟು ಉದ್ದ ಇಲ್ಲವಲ್ಲೋ, ಇವನು ಯಾರ ಹಾಗೆ?" ಅಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮೂಲನಿವಾಸಿಗಳಾದ ಮಾಯಾ ಜನ ನೆನಪಾದರು.

ಮಾಯಾ ಜನ ತುಂಬಾ ಗಿಡ್ಡ. ಅದು ಅವರ ರಕ್ತದಲ್ಲೇ ಇದೆ ಎಂದು ಬಹಳ ಜನ ನಂಬಿದ್ದರು. ಆದರೆ 1980ರ ಸುಮಾರಿಗೆ ಅಂತರ್ಯುದ್ಧದ ಹಿಂಸೆ ತಾಳಲಾರದೆ ಸಾವಿರಾರು ಮಾಯಾ ಕುಟುಂಬಗಳು ಅಮೆರಿಕಕ್ಕೆ ಓಡಿಹೋದವು. ಕೆಲವರು ಫ್ಲಾರಿಡಾದ ಇಂಡಿಯನ್‌ಟೌನ್ ಎಂಬ ಪುಟ್ಟ ಊರಲ್ಲಿ ಹೊಲದ ಕೂಲಿಗೆ ನಿಂತರು, ಕೆಲವರು ಲಾಸ್ ಏಂಜಲೀಸ್ ಸೇರಿದರು. ಮಾನವಶಾಸ್ತ್ರಜ್ಞ ಬ್ಯಾರಿ ಬೋಗಿನ್ ಮತ್ತು ಸಂಗಡಿಗರು ಇವರ ಮಕ್ಕಳ ಎತ್ತರ ಅಳೆದರು.

ಅಳೆದ ರೀತಿ ನನಗೆ ಇಷ್ಟ. ಮಗುವನ್ನು ಅಪ್ಪ ಅಮ್ಮನ ಪಕ್ಕ ನಿಲ್ಲಿಸಿದರೆ ಏನೂ ತಿಳಿಯದು, ಮಗು ಇನ್ನೂ ಬೆಳೆಯುತ್ತಿರುತ್ತದೆ ಅಲ್ವಾ? ಅದಕ್ಕೇ ಗ್ವಾಟೆಮಾಲಾದಲ್ಲೇ ಉಳಿದ ಅದೇ ವಯಸ್ಸಿನ ಮಾಯಾ ಮಕ್ಕಳ ಜೊತೆ ಹೋಲಿಸಿದರು. 1992ರಲ್ಲಿ ಅಳೆದಾಗ ಅಮೆರಿಕದ ಮಾಯಾ ಮಕ್ಕಳು ಅವರಿಗಿಂತ ಸರಾಸರಿ ಐದೂವರೆ ಸೆಂಟಿಮೀಟರ್ ಹೆಚ್ಚು ಎತ್ತರವಿದ್ದರು. 2000ದ ಹೊತ್ತಿಗೆ ಅಳೆದ ಮಕ್ಕಳಲ್ಲಿ ಅದು ಹನ್ನೊಂದೂವರೆ! ವಂಶವಾಹಿ ಇಷ್ಟು ಬೇಗ ಬದಲಾಗಲು ಸಾಧ್ಯವೇ ಇಲ್ಲ.

ಇನ್ನೂ ಸ್ವಾರಸ್ಯದ್ದು ಬೇರೆ. ಆ ಹನ್ನೊಂದೂವರೆಯಲ್ಲಿ ಸುಮಾರು ಏಳು ಸೆಂಟಿಮೀಟರ್ ಬಂದದ್ದು ಕಾಲಿನಿಂದ. ಎಳೆ ವಯಸ್ಸಿನಲ್ಲಿ ಮುಂಡಕ್ಕಿಂತ ಕಾಲು ಬೇಗ ಬೆಳೆಯುತ್ತದೆ. ಆಗ ಹೊಟ್ಟೆಗೆ ಸಾಲದಿದ್ದರೆ, ಪದೇ ಪದೇ ಭೇದಿ ಆದರೆ, ಮೊದಲು ಏಟು ಬೀಳುವುದು ಕಾಲಿಗೇ. ನೋಡಬೇಕೆಂದರೆ ಮನೆಯಲ್ಲೇ ನೋಡಬಹುದು. ಮಗುವನ್ನು ಗೋಡೆಗೆ ತಾಗಿದ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ, ಸ್ಟೂಲಿನಿಂದ ನೆತ್ತಿವರೆಗೆ ಅಳೆಯಿರಿ. ನಿಂತ ಎತ್ತರದಲ್ಲಿ ಅದನ್ನು ಕಳೆದರೆ ಉಳಿದದ್ದು ಕಾಲು. ಒಂದು ಮಗುವನ್ನು ಹೀಗೆ ಅಳೆದು ತೀರ್ಪು ಕೊಡಬೇಡಿ, ನೂರಾರು ಮಕ್ಕಳ ಸರಾಸರಿಯಲ್ಲಿ ಮಾತ್ರ ಇದು ಮಾತಾಡುತ್ತದೆ.

ಹಾಗಾದರೆ ಅಮೆರಿಕದಲ್ಲಿ ಆ ಮಕ್ಕಳಿಗೆ ಸಿಕ್ಕಿದ್ದೇನು? ಶ್ರೀಮಂತಿಕೆ ಅಂತೂ ಅಲ್ಲ, ಅಪ್ಪ ಅಮ್ಮ ಅಲ್ಲೂ ಬಡವರೇ. ನಲ್ಲಿಯಲ್ಲಿ ಶುದ್ಧ ನೀರು, ಶಾಲೆಯಲ್ಲಿ ತಿಂಡಿ ಊಟ, ಕಾಯಿಲೆ ಬಿದ್ದರೆ ಡಾಕ್ಟರು. ನಾವು ಬರೀ ಹಾಲು ಮೊಟ್ಟೆ ಅನ್ನುತ್ತೇವೆ. ನನಗಂತೂ ಆ ನೀರೇ ದೊಡ್ಡದಾಗಿ ಕಾಣುತ್ತದೆ. ಹೊಟ್ಟೆ ಕೆಟ್ಟೇ ಇದ್ದರೆ ತಿಂದದ್ದು ಮೈಗೆ ಹತ್ತುವುದೆಲ್ಲಿ?

ಆದರೂ ಆ ಮಕ್ಕಳು ಅಮೆರಿಕದ ಉಳಿದ ಮಕ್ಕಳ ಸರಾಸರಿ ಮುಟ್ಟಲಿಲ್ಲ. ತಾಯಿ ತಾನೇ ಅರೆಹೊಟ್ಟೆಯಲ್ಲಿ ಬೆಳೆದಿದ್ದರೆ ಹುಟ್ಟುವ ಮಗುವೂ ಸಣ್ಣದಾಗಿರುತ್ತದೆ, ಆ ಸಾಲ ಒಂದೇ ತಲೆಮಾರಿಗೆ ತೀರುವುದಿಲ್ಲ. ಜೊತೆಗೆ ಉದ್ದ ಬೆಳೆದಂತೆ ಅಡ್ಡವೂ ಬೆಳೆದರು. ಅಲ್ಲಿನ ಅಗ್ಗದ ಕುರುಕು ತಿಂಡಿ, ಸಿಹಿ ಪಾನೀಯ, ಟಿವಿ ಮುಂದೆ ಕೂರುವುದು ಎಲ್ಲ ಸೇರಿ ತುಂಬಾ ಮಕ್ಕಳ ತೂಕ ಮಿತಿ ಮೀರಿತ್ತು.

ದೊಡ್ಡಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. "ಊರ ಕೆರೆ ನೀರು ಕುಡಿದು ಬೆಳೆದವನಲ್ಲ ಇವನು" ಅಂದೆ. "ಅದಕ್ಕೂ ಇದಕ್ಕೂ ಏನೋ ಸಂಬಂಧ?" ಅಂತ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.